ಖಾಲಿ ಜಾಡಿ ಕಳಿಸೋ!

ಮನುಷ್ಯನಿಗೆ ಮನುಷ್ಯನ ಹಂಗು ಯಾಕೆ ಬೇಕು? ಓದಲೆಂದು ರಾಜಧಾನಿ ಸೋಫಿಯಾಕ್ಕೆ ಹೋಗುವ ಬಸ್ಸು ಹತ್ತುವಾಗ ನಾನು ಅಮ್ಮನಿಗೆ ಕೊಟ್ಟ ಘೋಷಣೆ ಇದು. "ಅಮ್ಮಾ, ಈ ಝಿವ್ಕೊ ಒಬ್ಬನೇ ಇರೋಕೆ ಹುಟ್ಟಿದ ಗಂಡು! ಮೂರು ಹೊತ್ತು ನಿನ್ನ ಕೂಗಾಟ, ಅತ್ತೆಯರ ವಿಚಾರಣೆ, ಪಕ್ಕದ ಮನೆಯ ನಾಯಿ... ಎಲ್ಲದರಿಂದ ಬಿಡುಗಡೆ!" ಅಮ್ಮ ನನ್ನ ಕಂಕುಳಿಗೆ ಇನ್ನೊಂದು ಉಪ್ಪಿನ ಸೌತೆಯ ಜಾಡಿ ತುರುಕಿದಳು, ಅಷ್ಟೇ.

ಸೋಫಿಯಾದಲ್ಲಿ ನಾನು ಬಾಡಿಗೆಗೆ ಹಿಡಿದದ್ದು ಮೂವರು ಹಂಚಿಕೊಂಡ ಮನೆಯ ಒಂದು ಕೋಣೆ. ಒಂದು ಅಡುಗೆಮನೆ, ಒಂದು ಬಚ್ಚಲು, ಒಂದು ಬಾಲ್ಕನಿ. ಎದುರು ಕೋಣೆಯಲ್ಲಿ ಸಿಲಿಸ್ತ್ರಾದಿಂದ ಬಂದ ಪ್ಲಮೆನಾ, ಮೂಲೆಯ ಕೋಣೆಯಲ್ಲಿ ಬೆಟ್ಟದೂರಿನ ಅಸೆನ್. ಅವರಿಬ್ಬರೂ ನನ್ನಂತೆಯೇ ಆ ವರ್ಷ ಕಾಲೇಜಿಗೆ ಸೇರಿದವರು. ಫ್ರಿಜ್ಜಿನಲ್ಲಿ ಮೂರು ಅಂತಸ್ತು, ಮೂರು ರಾಷ್ಟ್ರ! ಅಸೆನನ ಚೀಸು ನನ್ನ ಗಡಿ ದಾಟಿ ಬಂದರೆ ನಾನು ಒಂದು ಬೆರಳಿನಿಂದ ಅದನ್ನು ಮೆಲ್ಲಗೆ ಸ್ವದೇಶಕ್ಕೆ ತಳ್ಳುತ್ತಿದ್ದೆ. ನಮ್ಮ ನಡುವಿನ ರಾಜತಾಂತ್ರಿಕ ಸಂಬಂಧ ಅಷ್ಟಕ್ಕೇ ಮುಗಿಯುತ್ತಿತ್ತು.

ಮೊದಲ ವಾರ ಸ್ವರ್ಗ. ಎರಡನೆಯ ವಾರ ಒಂದು ವಿಚಿತ್ರ ನಡೆಯಿತು. ಸೋಮವಾರ ಅಂಗಡಿಯವಳಿಗೆ "ಥ್ಯಾಂಕ್ಸ್" ಅನ್ನಲು ಬಾಯಿ ತೆರೆದರೆ ಕಪ್ಪೆ ವಟಗುಟ್ಟಿದ ಸದ್ದು ಬಂತು! ಶುಕ್ರವಾರದಿಂದ ನಾನು ಒಂದು ಮಾತೂ ಆಡಿರಲಿಲ್ಲ. ಅಂದಿನಿಂದ ಬೇಕಾದ್ದನ್ನೆಲ್ಲ ಒಟ್ಟಿಗೆ ಕೊಳ್ಳುವುದನ್ನು ಬಿಟ್ಟೆ. ಬೆಳಿಗ್ಗೆ ಒಂದು ಟೊಮ್ಯಾಟೊ, ಸಂಜೆ ಒಂದು ಈರುಳ್ಳಿ. ಎರಡು ಸಲ "ಚೀಲ ಬೇಕಾ?" ಎಂದು ಒಂದು ಜೀವ ನನ್ನನ್ನು ಕೇಳುತ್ತಿತ್ತಲ್ಲ!

ಭಾನುವಾರಗಳಂತೂ ಮುಗಿಯುತ್ತಲೇ ಇರಲಿಲ್ಲ. ಅಡುಗೆಮನೆಯಲ್ಲಿ ಸೌಟಿನ ಸದ್ದು ಕೇಳಿದರೆ ಸಾಕು, ಕೈಯಲ್ಲಿ ಖಾಲಿ ಲೋಟ ಹಿಡಿದು, ನೀರಿಗೆ ಬಂದವನ ಹಾಗೆ ಹೊರಡುತ್ತಿದ್ದೆ. ಬಾಗಿಲ ಹಿಡಿಯವರೆಗೆ ಹೋಗಿ, ಏನು ಮಾತಾಡುವುದು ಎಂದು ಯೋಚಿಸಿ, ಬಾಯಾರಿಕೆಯನ್ನೇ ನುಂಗಿಕೊಂಡು ಹಿಂದೆ ಬರುತ್ತಿದ್ದೆ. ಊರಲ್ಲಿ ಯಾವ ಕೂಗಾಟಕ್ಕೆ ಕಿವಿ ಮುಚ್ಚುತ್ತಿದ್ದೆನೋ ಅದು ಈಗ ಬೇಕಿತ್ತು. ನಿಜ ಹೇಳುತ್ತೇನೆ, ಆ ನಾಯಿಯೂ ಬೇಕಿತ್ತು.

ಆದರೆ ಗಂಡು ಘೋಷಣೆ ಮಾಡಿ ಬಂದಿದ್ದಾನೆ! ಅಮ್ಮ ಫೋನಿನಲ್ಲಿ, "ಮಗಾ, ಜೊತೆಗೆ ಯಾರಾದ್ರೂ ಇದ್ದಾರೇನೋ?" ಎಂದಾಗ ನಾಲಿಗೆ ತಾನೇ ಹೊರಳಿತು.

"ಯಾರಾದ್ರೂ ಏನು? ಹತ್ತು ಹನ್ನೆರಡು ಜನ! ದಿನಾ ನನ್ನ ರೂಮಲ್ಲೇ ಊಟ. ಕೇಳಿಸ್ತಾ ನಗು?"

ನಗು ಕೇಳಿಸುತ್ತಿತ್ತು. ಮೇಜಿನ ಮೇಲೆ ರೇಡಿಯೋ ಇಟ್ಟು, ಸಂಜೆಯ ಹರಟೆ ಕಾರ್ಯಕ್ರಮವನ್ನು ಗಟ್ಟಿಯಾಗಿ ಹಾಕಿದ್ದೆ. ಅಲ್ಲಿ ಜನ ಹೊಟ್ಟೆ ಹಿಡಿದು ನಗುತ್ತಿದ್ದರು, ಇಲ್ಲಿ ನಾನು ಒಣ ಬ್ರೆಡ್ಡು ಕಡಿಯುತ್ತಿದ್ದೆ. ದಿನ ಕಳೆದಂತೆ ಅಮ್ಮನ ಫೋನ್ ಇಲ್ಲದಾಗಲೂ ಅದನ್ನು ಹಾಕತೊಡಗಿದೆ. ಉಳಿದ ಕೋಣೆಯವರು ನನ್ನನ್ನು ದಿಕ್ಕಿಲ್ಲದವನು ಅಂದುಕೊಳ್ಳಬಾರದಲ್ಲ!

"ಹನ್ನೆರಡು ಜನಾನಾ?" ಎಂದಳು ಅಮ್ಮ. "ಹಾಗಾದ್ರೆ ಶನಿವಾರದ ಬಸ್ಸಿಗೆ ಕಳಿಸ್ತೀನಿ."

ಶನಿವಾರ ಡ್ರೈವರು ಬಸ್ಸಿನ ಹೊಟ್ಟೆಯಿಂದ ಇಳಿಸಿದ ಪೆಟ್ಟಿಗೆ ನೋಡಿ ನನ್ನ ಸೊಂಟ ಮೊದಲೇ ಅತ್ತಿತು. ಸುಟ್ಟ ಕೆಂಪು ಮೆಣಸಿನ ಗೊಜ್ಜು, ಉಪ್ಪಿನಲ್ಲಿ ಹಾಕಿದ ಹೂಕೋಸು, ಸಕ್ಕರೆ ನೀರಿನಲ್ಲಿ ಮುಳುಗಿದ ಪ್ಲಮ್ಮು, ಎಲ್ಲ ಗಾಜಿನ ಜಾಡಿಗಳಲ್ಲಿ. ಮುಂದಿನ ಶನಿವಾರ ಮತ್ತೊಂದು ಪೆಟ್ಟಿಗೆ. ಅದರ ಮುಂದಿನ ಶನಿವಾರ ಎರಡು! ಮಂಚದ ಕೆಳಗೆ ತುಂಬಿತು, ಬಟ್ಟೆಯ ಬೀರು ತುಂಬಿತು. ಅಂಗಿಗಳು ಕುರ್ಚಿಗೆ ವಲಸೆ ಹೋದವು. ಮೂರು ಹೊತ್ತು ಗೊಜ್ಜು ತಿಂದರೂ ಒಂದು ಸಾಲು ಕರಗಲಿಲ್ಲ. ಒಬ್ಬನೇ ತಿಂದರೆ ಗೊಜ್ಜಿಗೂ ರುಚಿ ಇರುವುದಿಲ್ಲ ಎಂದು ಆಗ ತಿಳಿಯಿತು.

ಅಷ್ಟರಲ್ಲಿ ಆಜ್ಞೆ ಬಂತು. "ಝಿವ್ಕೊ, ಖಾಲಿ ಜಾಡಿ ಕಳಿಸೋ! ಚಳಿಗಾಲಕ್ಕೆ ಇನ್ನೂ ಸೇಬು ಹಾಕ್ಬೇಕು."

ನಮ್ಮ ಕಡೆ ಮಗ ಡಿಗ್ರಿ ಇಲ್ಲದೆ ಬಂದರೂ ಒಳಗೆ ಬಿಡುತ್ತಾರೆ, ಜಾಡಿ ಇಲ್ಲದೆ ಬಂದರೆ ಹೊಸಿಲು ದಾಟುವಂತಿಲ್ಲ. ಹನ್ನೆರಡು ಜನ ತಿಂದ ಮೇಲೆ ಜಾಡಿ ಖಾಲಿಯಾಗದೆ ಏನು ಮಾಡುತ್ತದೆ? ಅಮ್ಮನ ಜಾಡಿಯಲ್ಲಿದ್ದದ್ದನ್ನು ಚೆಲ್ಲುವುದೇ? ದೇವರೇ, ಅಷ್ಟು ಪಾಪಿ ನಾನಲ್ಲ!

ಬಾಲ್ಕನಿಗೆ ಹೋದೆ. ಅಲ್ಲಿ ಎರಡು ಪೆಟ್ಟಿಗೆ ಖಾಲಿ ಜಾಡಿಗಳು ಅನಾಥವಾಗಿ ಕೂತಿದ್ದವು. ಹಳೆಯ ಬಾಡಿಗೆದಾರರು ಬಿಟ್ಟು ಹೋದದ್ದಿರಬೇಕು ಎಂದು ನನ್ನ ಮನಸ್ಸಿಗೆ ನಾನೇ ಸಮಾಧಾನ ಹೇಳಿ, ಅಷ್ಟನ್ನೂ ಬಸ್ಸಿಗೆ ಏರಿಸಿ ಬಂದೆ.

ಮರುದಿನ ನನ್ನ ಬಾಗಿಲು ಬಡಿದ ಸದ್ದು! ಆ ಬಾಗಿಲನ್ನು ಯಾರಾದರೂ ಬಡಿದದ್ದು ಅದೇ ಮೊದಲು. ಓಡಿ ಹೋಗಿ ತೆರೆದೆ. ಪ್ಲಮೆನಾ ನಿಂತಿದ್ದಳು, ಹಿಂದೆ ಅಸೆನ್.

"ಕ್ಷಮಿಸಿ, ನಿಮ್ಮ ಸ್ನೇಹಿತರು ಬರೋ ಹೊತ್ತಿಗೆ ಬಂದ್ವಿ," ಎಂದಳು. "ಬಾಲ್ಕನಿಲಿದ್ದ ನಮ್ಮ ಖಾಲಿ ಜಾಡಿ ನೋಡಿದ್ರಾ?"

"ಸಿಗದೇ ಹೋದ್ರೆ ನಮ್ಮಮ್ಮ ನನ್ನನ್ನೇ ಉಪ್ಪಿನಕಾಯಿ ಹಾಕ್ತಾಳೆ," ಎಂದ ಅಸೆನ್, ಅಳುವ ದನಿಯಲ್ಲಿ.

ನಿಜ ಒಪ್ಪಿಕೊಳ್ಳಬೇಕಿತ್ತು. ಆದರೆ ಒಪ್ಪಿಕೊಂಡರೆ ಅವರು ಹೊರಟುಬಿಡುತ್ತಾರಲ್ಲ! "ಕಳ್ಳತನ!" ಎಂದು ಗರ್ಜಿಸಿದೆ. "ಬನ್ನಿ, ಹುಡುಕೋಣ!"

ಹುಡುಕಿದೆವು. ಮೆಟ್ಟಿಲ ಕೆಳಗೆ, ನೆಲಮಾಳಿಗೆಯಲ್ಲಿ, ಕಸದ ತೊಟ್ಟಿಯ ಹಿಂದೆ. ಕೆಳಮನೆಯ ಮುದುಕಿಗೆ ನಾನೇ ಅಡ್ಡಪ್ರಶ್ನೆ ಹಾಕಿ ಬೈಸಿಕೊಂಡೆ. ಅಸೆನ್ ಬಿದ್ದು ಬಿದ್ದು ನಕ್ಕ. ಪ್ಲಮೆನಾ ತನ್ನೂರಿನ ಜಾಡಿಕಳ್ಳಿಯೊಬ್ಬಳ ಕಥೆ ಹೇಳಿದಳು. ಸೋಫಿಯಾಕ್ಕೆ ಬಂದ ಮೇಲೆ ನಾನು ಅಷ್ಟು ಸುಖವಾಗಿದ್ದ ದಿನವೇ ಇಲ್ಲ. ಆ ಜಾಡಿಗಳು ಜನ್ಮದಲ್ಲಿ ಸಿಗದಿರಲಿ ಎಂದು ಹರಕೆ ಹೊತ್ತೆ!

ಕೊನೆಗೆ ಅಸೆನ್, "ನಮ್ಮ ನಮ್ಮ ರೂಮೂ ನೋಡಿಬಿಡೋಣ, ಯಾರಿಗೂ ಅನುಮಾನ ಬೇಡ," ಎಂದ. ನಾನು ಅಡ್ಡ ಬರುವಷ್ಟರಲ್ಲಿ ನನ್ನ ಬೀರುವಿನ ಬಾಗಿಲು ಎಳೆದ. ಗೋಡೆಯಂತೆ ನಿಂತ ತುಂಬಿದ ಜಾಡಿಗಳು!

"ಇಷ್ಟೊಂದಾ?" ಪ್ಲಮೆನಾ ಕೋಣೆಯ ಸುತ್ತ ನೋಡಿದಳು. "ಮತ್ತೆ ದಿನಾ ಸಂಜೆ ನಗ್ತಿದ್ದ ನಿಮ್ಮ ಸ್ನೇಹಿತರೆಲ್ಲಿ? ಒಬ್ಬಳೇ ಕೂತು ಬೇಜಾರಾಗಿ ಎಷ್ಟು ಸಲ ನಿಮ್ಮ ಬಾಗಿಲವರೆಗೂ ಬಂದಿದೀನಿ. ಆ ನಗು ಕೇಳಿ ವಾಪಸ್ ಹೋದೆ."

"ನಾನೂ," ಎಂದ ಅಸೆನ್.

ನಾನು ರೇಡಿಯೋದ ಗುಂಡಿ ತಿರುಗಿಸಿದೆ. ಹನ್ನೆರಡು ಜನ ಹೊಟ್ಟೆ ಹಿಡಿದು ನಕ್ಕರು. ನಾಚಿಕೆಯಿಂದ ನನ್ನ ಮುಖ ಅಮ್ಮನ ಗೊಜ್ಜಿಗಿಂತ ಕೆಂಪಾಗಿತ್ತು.

ಆ ಸುಮುಹೂರ್ತಕ್ಕೇ ಫೋನ್ ಬಡಿದುಕೊಂಡಿತು. ಗಾಬರಿಯಲ್ಲಿ ಒತ್ತಬಾರದ್ದನ್ನು ಒತ್ತಿದೆ, ಅಮ್ಮನ ದನಿ ಇಡೀ ಕೋಣೆಗೆ ಕೇಳಿಸಿತು.

"ಝಿವ್ಕೊ! ಇದರಲ್ಲಿ ನನ್ನ ಜಾಡಿ ಒಂದೂ ಇಲ್ವಲ್ಲೋ! ಯಾವ ತಾಯಂದಿರದ್ದೋ ಇವು?"

ಪ್ಲಮೆನಾ ಸೊಂಟಕ್ಕೆ ಕೈಯಿಟ್ಟಳು. "ಓಹೋ, ನಮ್ಮ ಬಾಲ್ಕನಿ ಕಳ್ಳ ನೀನೇನಾ?" ಆ "ನೀನು" ಕೇಳಿ ನನ್ನ ಕಣ್ಣು ತುಂಬಿತು.

"ಅಮ್ಮಾ," ಎಂದೆ, "ಹನ್ನೆರಡು ಜನ ಇಲ್ಲ. ಒಬ್ಬರೂ ಇಲ್ಲ. ಅದೆಲ್ಲಾ ರೇಡಿಯೋ."

"ಅದು ಮೊದಲ ದಿನವೇ ಗೊತ್ತು ಕಣೋ. ನಾನೂ ಅದೇ ಸ್ಟೇಷನ್ ಕೇಳೋದು!"

"ಮತ್ತೆ ಬೆಟ್ಟದಷ್ಟು ಜಾಡಿ ಯಾಕಮ್ಮಾ ಕಳಿಸಿದೆ?"

"ಒಬ್ಬನ ಕೈಲಿ ಮುಗಿಯಲ್ಲ, ಒಂದಲ್ಲ ಒಂದು ದಿನ ಒಂದು ಜಾಡಿ ಹಿಡ್ಕೊಂಡು ಯಾರದ್ದಾದ್ರೂ ಬಾಗಿಲು ತಟ್ತೀಯ ಅಂದ್ಕೊಂಡೆ," ಎಂದಳು ಅಮ್ಮ. "ಬಾಗಿಲು ತಟ್ಟೋ ಅಂದ್ರೆ ಬಾಲ್ಕನಿಲಿ ಕಳ್ಳತನ ಮಾಡ್ದೆಯಲ್ಲೋ, ಒಬ್ಬನೇ ಇರೋಕೆ ಹುಟ್ಟಿದ ಗಂಡೇ!"