ಕಲ್ಲಂಗಡಿ ಕಳಿಸಿದವರು ಯಾರು?

ನಾಣಿಗೆ ಐವತ್ತೆಂಟು ವರ್ಷವಾದರೂ ರಾಜನಾಗುವ ಯೋಗ ಬಂದಿರಲಿಲ್ಲ. ಪವಾಯಿಯ ಆಫೀಸಿನಲ್ಲಿ ಅವನ ಮೇಲೆ ಮ್ಯಾನೇಜರು, ಮನೆಯಲ್ಲಿ ಹೆಂಡತಿ ಪುಟ್ಟಲಕ್ಷ್ಮಿ. ಉಳಿದದ್ದು ಮಾಟುಂಗದ ಕನ್ನಡ ಸಂಘದ ವಾರ್ಷಿಕ ನಾಟಕವೊಂದೇ. ಅಲ್ಲಿಯೂ ಮೂರು ವರ್ಷ ದ್ವಾರಪಾಲಕನಾಗಿ ಈಟಿ ಹಿಡಿದು ನಿಂತು ಅವನ ಮಂಡಿ ಸವೆದಿತ್ತು. ಈ ಸಲ ರಾಜನ ಪಾತ್ರ ಬೇಕೇ ಬೇಕೆಂದು ಸಂಘದ ಅಧ್ಯಕ್ಷ ಕಾಂತಪ್ಪನವರಿಗೆ ಬಿನ್ನವಿಸಿಕೊಂಡಿದ್ದ. ಪ್ರತಿಸ್ಪರ್ಧಿ ಎಂದರೆ ಸಂಗಪ್ಪ. (ದನಿ ಗುಡುಗಿನಂಥದ್ದು. ಮಾತು ನೆನಪಿರುವುದಿಲ್ಲ, ಅಷ್ಟೆ.)

ಶನಿವಾರ ಬೆಳಿಗ್ಗೆ ಕಾಂತಪ್ಪನವರಿಂದ ವಾಟ್ಸಪ್ ಬಂತು. ಅವರು ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವವರು. "ನಾಣಿಯವರೆ, ಪಾತ್ರದ ವಿಷಯ ನಾಳೆ ಸಭೆಯಲ್ಲಿ" ಎನ್ನುವಲ್ಲಿಗೆ ಮಾತು ನಿಂತಿತ್ತು. ಅದರ ಕೆಳಗೆ ಹೀಗೆ:

"ghhbvvgghbnnvgh"

ಆಮೇಲೆ ಸಾಲು ಸಾಲು ಕಲ್ಲಂಗಡಿಯ ಚಿತ್ರ, ನಡುವೆ ಒಂದು ಆಕ್ಟೋಪಸ್, ಫ್ಯಾನಿನ ಅರ್ಧ ಫೋಟೋ. ಕೊನೆಗೊಂದು ವಾಯ್ಸ್ ಮೆಸೇಜ್. ಹಚ್ಚಿದರೆ ಬರೀ ಉಸಿರಾಟ, ತುದಿಯಲ್ಲಿ "ಆಬೂ!"

"ನೋಡೇ, ಈ ಮನುಷ್ಯ ನನ್ನನ್ನ ಹಂಗಿಸ್ತಿದಾನೆ," ಎಂದ ನಾಣಿ. "ಕಲ್ಲಂಗಡಿ ಅಂದ್ರೆ ಏನು? ನನ್ನ ಹೊಟ್ಟೆ ತಾನೆ? 'ಏನ್ರೀ ಇದು ತಮಾಷೆ' ಅಂತ ಹಾಕ್ತೀನಿ."

ಪುಟ್ಟಲಕ್ಷ್ಮಿ ಒಗ್ಗರಣೆಗೆ ಮುಚ್ಚಳ ಮುಚ್ಚಿ, ಸೆರಗಿಗೆ ಕೈ ಒರೆಸಿಕೊಂಡು ಫೋನ್ ಇಸಿದುಕೊಂಡಳು.

"ನಿಮ್ಮ ಹೊಟ್ಟೆ ವಿಚಾರ ಬಿಡಿ. ಈ ಅಕ್ಷರಗಳನ್ನ ಕೀಬೋರ್ಡಲ್ಲಿ ಹುಡುಕಿ ನೋಡಿ. ಜಿ ಪಕ್ಕ ಎಚ್, ಅದರ ಕೆಳಗೇ ವಿ, ಬಿ, ಎನ್. ಎಲ್ಲ ಒಂದೇ ಓಣಿಯವು. ಪುಟ್ಟ ಕೈ ಒಂದೇ ಜಾಗದಲ್ಲಿ ಬಡಿದಿದೆ. ಮಧ್ಯ ಎಲ್ಲಾದ್ರೂ ಜಾಗ ಬಿಟ್ಟಿದೆಯಾ? ಆಮೇಲೆ ಚಿತ್ರಗಳ ಗುಂಡಿ ಸಿಕ್ಕಿದೆ, ಬಣ್ಣ ಚೆನ್ನಾಗಿದೆ ಅಂತ ಕಲ್ಲಂಗಡೀನೇ ಒತ್ತಿದೆ. ಮೈಕಿನ ಮೇಲೆ ಬೆರಳಿಟ್ಟು ಹಿಡಿದ್ರೆ ದನಿ ರೆಕಾರ್ಡ್ ಆಗುತ್ತೆ. ದೊಡ್ಡವರ ಮಾತು ಅರ್ಧಕ್ಕೆ ನಿಂತಿದೆ ನೋಡಿ, ಅಲ್ಲಿಂದ ಫೋನು ಕೈ ಬದಲಾಯಿಸಿದೆ."

"ಅಂದ್ರೆ ಮಗು?"

"ಅವರ ಮೊಮ್ಮಗ ಅಕ್ಷಯ ಇಲ್ವಾ, ಈಗ ತಾನೆ ಓಡಾಡೋಕೆ ಕಲಿತಿದೆ."

"ಹಾಗಾದ್ರೆ ಉತ್ತರ ಯಾಕೆ? ಸುಮ್ನಿರೋಣ."

"ಸುಮ್ನಿದ್ರೆ ಅವರು ಆಮೇಲೆ ನೋಡಿ ಮುಜುಗರ ಪಟ್ಕೋತಾರೆ. ಒತ್ತಿದ್ದು ಮಗು, ಓದೋದು ತಾತ. ಅವರೇ ಕ್ಷಮೆ ಕೇಳೋ ಮುಂಚೆ ನಾವೇ ನಕ್ಕುಬಿಡಬೇಕು. ಅರ್ಥ ಏನು ಅಂತ ಕೇಳಬಾರದು. ಅವರು ಎಲ್ಲಿ ನಿಲ್ಲಿಸಿದ್ರು ಅಂತ ನೆನಪಿಸಬೇಕು. ಮಗೂನೇ ಅಂತ ಖಂಡಿತ ಹೇಳೋಕೂ ಬರಲ್ಲ. ವಯಸ್ಸಾದವರು, ಏನಾದ್ರೂ ಆಗಿದ್ರೆ? ಎಲ್ಲ ಕ್ಷೇಮ ತಾನೆ ಅಂತ ಒಂದು ಮಾತು ಇರಲಿ."

ಅವಳೇ ಟೈಪ್ ಮಾಡಿದಳು: "ಕಾಂತಪ್ಪನವರೇ, ಫೋನು ಯಾರೋ ಚಿಕ್ಕ ಯಜಮಾನರ ಕೈಗೆ ಹೋದಂತಿದೆ! ಕಲ್ಲಂಗಡಿಗಳೆಲ್ಲ ಸುರಕ್ಷಿತವಾಗಿ ತಲುಪಿದವು. ಎಲ್ಲ ಕ್ಷೇಮ ತಾನೆ? ನಾಳೆಯ ಸಭೆಯ ಮಾತು ಅರ್ಧದಲ್ಲಿತ್ತು, ಬಿಡುವಾದಾಗ ಮುಂದುವರಿಸಿ. ಅವಸರವೇನಿಲ್ಲ."

ತುಸು ಹೊತ್ತಿಗೆ ಆಂಟಾಪ್ ಹಿಲ್‌ನ ಮನೆಯಿಂದ ಕಾಂತಪ್ಪನವರ ಫೋನೇ ಬಂತು. "ನಾಣಿಯವರ, ನಕ್ಕು ನಕ್ಕು ಸಾಕಾತ್ರೀ! ಬಾಗಿಲದಾಗ ಕೊರಿಯರ್‌ದವಾ ಬಂದಿದ್ದ, ಅಷ್ಟರಾಗ ನಮ್ಮ ಅಕ್ಷಯ ಫೋನ್ ಹಿಡದಾನ. ಆ ಸಂಗಪ್ಪಗೂ ಹ್ವಾದಾವು ಕಲ್ಲಂಗಡಿ. ಅಂವ ಏನ್ ಬರದಾನ ಗೊತ್ತದ? 'ಮುಂಜಾನೆನೇ ಏರಿಸೀರೇನು?' ಅಂತ. ನೀವು ದೊಡ್ಡ ಮನಷ್ಯಾರು ಬಿಡ್ರಿ. ರಾಜನ ಪಾತ್ರದ ವಿಚಾರ ಮಾಡ್ತೀನಿ."

ಫೋನಿಟ್ಟ ನಾಣಿ ಎದೆಯುಬ್ಬಿಸಿದ. ಆ ಉತ್ತರ ಬರೆದವಳು ಹೆಂಡತಿ ಎಂಬುದು ಊಟದ ಹೊತ್ತಿಗೆ ಅವನಿಗೆ ಮರೆತೇಹೋಗಿತ್ತು.

ಭಾನುವಾರದ ಸಭೆಯಲ್ಲಿ ಪಾತ್ರದ ತೀರ್ಮಾನವಾಗಲಿಲ್ಲ. ಸೋಮವಾರ ಆಫೀಸಿನಲ್ಲಿ ಅವನ ವಿದ್ಯೆಗೆ ಪರೀಕ್ಷೆಯೂ ಒದಗಿತು. ಮನೆಯಿಂದ ಕೆಲಸ ಮಾಡುತ್ತಿದ್ದ ಸಹೋದ್ಯೋಗಿ ವಿಕ್ರಂನಿಂದ ಚಾಟ್‌ನಲ್ಲಿ "pppppppppp0000000[[[[[[[" ಎಂದು ಬಂತು. ನಾಣಿ ಕುರ್ಚಿಗೆ ಒರಗಿ ಯೋಚಿಸಿದ. ಮಗುವಾದರೆ ಬಡಿಯುತ್ತದೆ. ಇದು ಬಡಿದದ್ದಲ್ಲ, ನಿಂತದ್ದು. ಕಂಪ್ಯೂಟರಿನಲ್ಲಿ ಗುಂಡಿಯನ್ನು ಒತ್ತಿ ಹಿಡಿದರೆ ಅದೇ ಅಕ್ಷರ ಸಾಲುಗಟ್ಟುತ್ತದೆ. ಮೂರೂ ಗುಂಡಿಗಳು ಬಲತುದಿಯಲ್ಲಿ, ಎಂಟರ್ ಗುಂಡಿಯ ಹತ್ತಿರ. ಒಂದು ಕಾಲು ಅಲ್ಲಿ, ಇನ್ನೊಂದು ಕಾಲು ಎಂಟರ್ ಮೇಲೆ. "ಬೆಕ್ಕು ಬಂದಂತಿದೆ. ಅದರ ಅಭಿಪ್ರಾಯ ಗಮನಿಸಿದ್ದೇನೆ. ನೀವು ಕಂಪ್ಯೂಟರಿಗೆ ಮರಳಿದ ಮೇಲೆ ಕೆಲಸದ ಡ್ರಾಯಿಂಗ್ ನೋಡೋಣ" ಎಂದು ಬರೆದ. ವಿಕ್ರಂ ಬೆಕ್ಕಿನ ಫೋಟೋ ಕಳಿಸಿ ಕೈಮುಗಿದ.

ಸಂಜೆ ಕಾಂಜೂರ್ ಮಾರ್ಗ ಸ್ಟೇಷನ್ನಿನಲ್ಲಿ ಲೋಕಲ್ ರೈಲು ಹತ್ತುವ ಹೊತ್ತಿಗೆ ನಾಣಿ ತನ್ನ ಪಾಲಿಗೆ ಸರ್ವಜ್ಞನಾಗಿದ್ದ. ಜನರ ನಡುವೆ ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಫೋನು. ಆಗ ಕಾಂತಪ್ಪನವರ ನಂಬರಿನಿಂದ ಸಂದೇಶ ಬಂತು, ಈ ಸಲ ಕನ್ನಡ ಲಿಪಿಯಲ್ಲಿ:

"ನಮಸಕರ ನಣಯವರ ರಜನ ಪತರ ನಮಗ"

'ಮತ್ತೆ ಶುರು ಮಾಡಿದ ಪೋರ' ಎಂದುಕೊಂಡ ನಾಣಿ. ಹೆಬ್ಬೆರಳಿನಿಂದ ವಾತ್ಸಲ್ಯ ಹರಿಸಿದ: "ಅಕ್ಷಯ ಪುಟ್ಟಾ! ಜಾಣ ಮರಿ! ಎಷ್ಟು ಚೆನ್ನಾಗಿ ಗುಂಡಿ ಒತ್ತಿದ್ದೀಯ! ಈಗ ಫೋನು ತಾತನಿಗೆ ಕೊಡು ಕಂದಾ. ಪಾಪ, ತಾತನಿಗೆ ಕಣ್ಣು ಸರಿಯಾಗಿ ಕಾಣಲ್ಲ, ಹುಡುಕಾಡ್ತಿರ್ತಾರೆ."

ಓದಿದರೆಂಬ ನೀಲಿ ಗುರುತು ಬಿತ್ತು. ನಾಣಿ ಫೋನನ್ನು ಜೇಬಿಗಿಳಿಸಿದ.

ಮನೆಗೆ ಬಂದವನೇ ಹೆಂಡತಿಗೆ ತೋರಿಸಿದ. "ನಿನ್ನ ಶಿಷ್ಯ ನಿನ್ನನ್ನೇ ಮೀರಿಸಿದ ನೋಡು."

ಪುಟ್ಟಲಕ್ಷ್ಮಿ ಓದಿದಳು. ಇನ್ನೊಮ್ಮೆ ಓದಿದಳು. ಸೋಫಾದ ಮೇಲೆ ಕುಳಿತುಬಿಟ್ಟಳು. "ರೀ, ಇದು ಮಗು ಅಲ್ಲ. ಒಂದೇ ಅಕ್ಷರ ಸಾಲಾಗಿ ಬಂದಿದೆಯಾ? ಪದ ಪದದ ಮಧ್ಯ ಲೆಕ್ಕವಾಗಿ ಜಾಗ ಬಿಟ್ಟಿದೆ. ಪಾಪ, ಆ ಮನುಷ್ಯ ಕನ್ನಡ ಕೀಬೋರ್ಡ್ ಹೊಸದಾಗಿ ಕಲೀತಿದಾರೆ. ದೀರ್ಘ, ಒತ್ತಕ್ಷರ ಎಲ್ಲಿವೆ ಅಂತ ಸಿಕ್ಕಿಲ್ಲ. ಸೇರಿಸಿ ಓದಿ: ನಮಸ್ಕಾರ ನಾಣಿಯವರೇ, ರಾಜನ ಪಾತ್ರ ನಿಮಗೆ!"

ನಾಣಿ ಬಗ್ಗಿ ತಾನೇ ಒಂದೊಂದಕ್ಷರ ಕೂಡಿಸಿ ಓದಿದ.

"ಮಗೂನೇ ಅಂತ ಖಂಡಿತ ಹೇಳೋಕೆ ಬರಲ್ಲ ಅಂತ ಅವತ್ತೇ ಹೇಳಿರಲಿಲ್ವಾ? ಕಣ್ಣು ಕಾಣಲ್ಲ ಅಂತ ಬೇರೆ ಬರೆದಿದ್ದೀರಿ!"

ಫೋನ್ ಮಾಡೋಣವೆಂದು ನಾಣಿ ಕೈಗೆತ್ತಿಕೊಳ್ಳುವಷ್ಟರಲ್ಲಿ ಅದೇ ನಡುಗಿತು:

"ಫನ ತತನಗ ಕಟಟ. ತತ ಹಳದರ ರಜ ಸಗಪಪ"

ಪುಟ್ಟಲಕ್ಷ್ಮಿ ಸೆರಗನ್ನು ಬಾಯಿಗೆ ಒತ್ತಿಕೊಂಡೇ ಬಿಡಿಸಿ ಹೇಳಿದಳು: "ಫೋನ್ ತಾತನಿಗೆ ಕೊಟ್ಟೆ. ತಾತ ಹೇಳಿದರು, ರಾಜ ಸಂಗಪ್ಪ."

ನಾಣಿ ಫೋನ್ ಮಾಡಿ ಕ್ಷಮೆ ಕೇಳಿದ. ಕಾಂತಪ್ಪನವರು ಸಿಟ್ಟಾಗಲಿಲ್ಲ. "ಅಯ್ಯ, ಬಿಡ್ರಿ. ಎರಡು ದಿನ ಕಣ್ಣಿಗೆ ಕನ್ನಡಕ ಏರಿಸಿ ಕಲತಿದ್ದೆ. ಬ್ಯಾಸರಾತು, ಖರೇ. ಆದರ ಸಣ್ಣ ಮಕ್ಕಳ ಕೂಡ ನೀವು ಭಾಳ ಛಲೋ ಮಾತಾಡ್ತೀರಿ. ಸೊಸಿ ನಾಟಕದಾಗ ಅದಾಳ. ತಾಲೀಮು ಮುಗಿಯೂ ತನಕ ಅಕ್ಷಯನ್ನ ನೀವ ಹಿಡಕೋರಿ."

ಹಾಗೆ ನಾಣಿಗೆ ಪಾತ್ರ ಸಿಕ್ಕಿತು. ಮಾಟುಂಗದ ಹಾಲ್‌ನಲ್ಲಿ ಸಂಗಪ್ಪ ಗುಡುಗುತ್ತಿದ್ದರೆ, ಮೂಲೆಯ ಕುರ್ಚಿಯಲ್ಲಿ ನಾಣಿಯ ತೊಡೆಯ ಮೇಲೆ ಅಕ್ಷಯ. ಮೊದಲ ದಿನವೇ ಮಗು ಅಳತೊಡಗಿದಾಗ, ವಾಟ್ಸಪ್‌ನಲ್ಲಿ ನಾಟಕದವರ ಹೆಸರಿನ ಪಟ್ಟಿ ತೆರೆದಿದ್ದ ತನ್ನ ಫೋನನ್ನೇ ಅದರ ಕೈಗಿಟ್ಟು, ಅವನು ಹಾಲಿನ ಬಾಟಲಿ ಹುಡುಕಲು ಬಗ್ಗಿದ.

ಟೀ ವಿರಾಮದಲ್ಲಿ ಸಂಗಪ್ಪ ತನ್ನ ಫೋನ್ ನೋಡಿ, ನೇರ ನಾಣಿಯ ಬಳಿಗೆ ಬಂದ. ಕಣ್ಣು ಒದ್ದೆಯಾಗಿತ್ತು. ಪರದೆಯ ತುಂಬ ನಾಣಿ ಹೆಸರಿನಲ್ಲಿ ಕಿರೀಟಗಳು, ಚಪ್ಪಾಳೆಗಳು, ಕೆಂಪು ಹೃದಯಗಳು.

"ಪಾತ್ರ ಹ್ವಾದರೂ ಇಷ್ಟು ದೊಡ್ಡ ಮನಸ್ಸೇನ್ರೀ ನಿಮ್ಮದು! ನಾ ನಿಮ್ಮನ್ನ ತಪ್ಪು ತಿಳಿದಿದ್ದೆ."

ಸಂಗಪ್ಪ ಅವನನ್ನು ಬಿಗಿದಪ್ಪಿದ. ಇಬ್ಬರ ನಡುವೆ ಸಿಕ್ಕಿದ ಅಕ್ಷಯ ಸಂತೋಷದಿಂದ "ಆಬೂ!" ಎಂದ. ನಾಣಿ ನಿಜ ಹೇಳಲು ಬಾಯಿ ತೆರೆದವನು, ತಾಲೀಮು ನೋಡಲು ಬಂದು ದೂರದಲ್ಲಿ ನಿಂತಿದ್ದ ಪುಟ್ಟಲಕ್ಷ್ಮಿ ಬೇಡವೆಂದು ತಲೆಯಾಡಿಸಿದ್ದು ನೋಡಿ, "ಅದರಲ್ಲೇನಿದೆ ಸಂಗಪ್ಪನವರೇ," ಎಂದು ಮೆಲ್ಲಗೆ ಹೇಳಿ, ಮಗುವಿನ ಬಾಯಿ ಒರೆಸಿದ.