ಒಂಬತ್ತನೇ ವರ್ಗದ ಖಳನಾಯಕ

‘ಒಮ್ಮೆ ನೋಡಿದ ಮುಖ ನಾನು ಮರೆಯುವುದಿಲ್ಲ, ಒಮ್ಮೆ ಬರೆದ ಷರಾ ತಿದ್ದುವುದಿಲ್ಲ’ ಎಂಬುದು ಹಜರತಅಲಿ ಮಾಸ್ತರರ ಜೀವನಸೂತ್ರ. ಶಲವಡಿಯ ಹೈಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಗಣಿತ ಕಲಿಸಿದವರು. ಹುಡುಗ ಒಂಬತ್ತನೇ ವರ್ಗದಲ್ಲಿ ಯಾವ ಬೆಂಚಿನಲ್ಲಿ ಕೂತಿದ್ದಾನೆಂದು ನೋಡಿ, ನಲವತ್ತನೇ ವಯಸ್ಸಿನಲ್ಲಿ ಎಲ್ಲಿ ಕೂತಿರುತ್ತಾನೆಂದು ಹೇಳಬಲ್ಲೆ ಎಂದು ಅವರೇ ಹೇಳಿಕೊಂಡಿದ್ದರು.

ಈ ಬೇಸಿಗೆ ರಜೆಯಲ್ಲಿ ನವಲಗುಂದದ ಅವರ ಮನೆಯ ಟೀವಿಗೆ ಕೊರಿಯಾದ ಶಾಲೆಯೊಂದು ಬಂದು ಕೂತಿತು. ಹೆಂಡತಿ ಗೌಸಬಿ ಮತ್ತು ಮಗಳು ಇರಮ್ ಹಿಂದಿಗೆ ಡಬ್ ಆದ ಆ ಧಾರಾವಾಹಿಯನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದರು. ಶಾಲೆಯ ಕಥೆ! ಅದನ್ನು ಮಾಸ್ತರರ ಮನೆಯಲ್ಲಿ ಮಾಸ್ತರರನ್ನು ಕೇಳದೆ ನೋಡುವುದೇ? ಅದರ ಸುಳ್ಳುಗಳನ್ನೆಲ್ಲ ಬಯಲಿಗೆಳೆಯುವ ಪಣ ತೊಟ್ಟು ಅವರೂ ಕುರ್ಚಿ ಎಳೆದುಕೊಂಡು ಕೂತರು.

“ಈ ಹುಡುಗಿ ಬ್ಯಾರೆ ಊರಿಂದ ಬಂದಾಳ, ಬಡವಿ, ಸ್ಕಾಲರ್‌ಶಿಪ್ ಮ್ಯಾಲೆ ಓದತಾಳ. ಕಿಡಕಿ ಬಾಜು ಕೂಡಸ್ತಾರ, ನೋಡ್ರಿ” ಎಂದರು. ಕೂಡಿಸಿದರು. “ಈಗ ಗ್ವಾಡಿಗೆ ರ‍್ಯಾಂಕ್ ಪಟ್ಟಿ ಹಚ್ಚತಾರ, ಇಕಿನ ಮೊದ್ಲ.” ಹಚ್ಚಿದರು, ಅವಳೇ ಮೊದಲು. “ಆ ಸಾಹುಕಾರನ ಮಗ ಇಕಿನ್ನ ಕಾಡತಾನ. ಆ ಛತ್ರಿ ಹಿಡಿದಂವ ಛಲೋ ಹುಡುಗ, ಆದ್ರ ಅವಗ ಹುಡುಗಿ ಸಿಗೂದಿಲ್ಲ.” ಎಲ್ಲವೂ ಹಾಗೆಯೇ ಆಯಿತು. ಮಾಸ್ತರರ ಮೀಸೆ ಪ್ರತಿ ಕಂತಿಗೂ ಒಂದೊಂದು ಎಳೆ ಮೇಲೇರಿತು.

ಆದರೆ ಸಿಟ್ಟು ಅದಕ್ಕಿಂತ ಮೇಲೇರಿತ್ತು. “ಏನ್ ಸಾಲಿಲೇ ಇದು! ಅಳೂದಿದ್ರೂ ಮಾಳಿಗಿ ಮ್ಯಾಲೆ, ಬಡದಾಡೂದಿದ್ರೂ ಮಾಳಿಗಿ ಮ್ಯಾಲೆ. ನಮ್ಮ ಸಾಲ್ಯಾಗ ಮಾಳಿಗಿ ಕೀಲಿ ಹೆಡ್‌ಮಾಸ್ತರ ಕಿಸೇದಾಗ ಇರ್ತೈತಿ! ಹದಿನಾರು ಎಪಿಸೋಡ್ ಮುಗದ್ವು, ಒಂದ್ ಲೆಕ್ಕ ಬಿಡಿಸಿಲ್ಲ!”

“ಲೆಕ್ಕ ನೋಡಾಕ ನಿಮ್ಮ ಮುಖ ಐತೆಲ್ರಿ ಮನ್ಯಾಗ” ಎಂದಳು ಗೌಸಬಿ.

ಎಲ್ಲಕ್ಕಿಂತ ಹೆಚ್ಚಿನ ಸಿಟ್ಟು ಆ ಸಾಹುಕಾರನ ಮಗನ ಮೇಲಿತ್ತು. ಬಡ ಹುಡುಗಿಯ ಪುಸ್ತಕವನ್ನು ನೀರಿಗೆಸೆದವನು, ಹಾಲಿನ ಪಾಕೀಟನ್ನು ಇನ್ನೊಬ್ಬನ ತಲೆಯ ಮೇಲೆ ಸುರಿದವನು. ಕೊನೆಯ ಕಂತಿನಲ್ಲಿ ಅವನನ್ನು ಶಾಲೆಯಿಂದ ಹೊರಹಾಕಿದಾಗ ಮಾಸ್ತರರು ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಮುಂದಿನ ವಾರ ತಾಯಿ ಮಗಳು ಹೊಸ ಧಾರಾವಾಹಿ ಹಚ್ಚಿದರು. ಎಲ್ಲರೂ ನೋಡುತ್ತಿರುವ, ದೊಡ್ಡ ಹೆಸರು ಮಾಡಿರುವ ಆಸ್ಪತ್ರೆಯ ಕಥೆ. ಬಾಗಿಲು ತೆರೆಯಿತು, ಬಿಳಿ ಕೋಟಿನ ಸರ್ಜನ್ ಒಳಗೆ ಬಂದ, ಹಿಂದೆ ಸಂಗೀತ ಮೊಳಗಿತು.

“ಏ! ಇಂವ... ಇಂವ ಅವನ!” ಮಾಸ್ತರರ ಕೈಯಲ್ಲಿದ್ದ ಚಹಾ ಲುಂಗಿಯ ಮೇಲೆ ಬಿತ್ತು. “ಹಾಲಿನ ಪಾಕೀಟ! ಇವನ್ನ ಹೀರೋ ಮಾಡ್ಯಾರ? ಇವನ ಕೈಯಾಗ ಕತ್ರಿ ಕೊಟ್ಟಾರ?”

“ಅಬ್ಬಾ, ಅದು ಬ್ಯಾರೆ ಕತಿ” ಎಂದು ಇರಮ್ ಸಮಾಧಾನದಿಂದ ಹೇಳಿದಳು. “ಸಾಲಿ ಕತಿ ಅಂದ್ರ ವರ್ಗ ತುಂಬ ಮೂವತ್ತು ಮಂದಿ ಬೇಕು. ಮೂವತ್ತೂ ದೊಡ್ಡ ಹೆಸರಿನವ್ರನ್ನ ಎಲ್ಲಿಂದ ತರ್ತಾರ? ಹೊಸಬ್ರನ್ನ ತಗೋತಾರ. ಯಾರು ಕಣ್ಣಿಗೆ ಬೀಳ್ತಾರ, ಅವ್ರನ್ನ ಮುಂದಿನ ಕತಿಗೆ ಆರಿಸ್ತಾರ. ಕಾಡೋ ಹುಡುಗನ ಪಾರ್ಟ್ ಭಾಳ ಕಣ್ಣಿಗೆ ಬೀಳ್ತೈತಿ, ಮಂದಿ ಕಡೆ ಬೈಸಿಕೊಳ್ಳಾಕೂ ತಾಕತ್ತು ಬೇಕು. ಮೂರ‍್ನಾಲ್ಕು ವರ್ಷಕ್ಕ ಅವನ ಹೀರೋ. ಈ ನರ್ಸ್ ನೋಡ್ರಿ, ಅಕಿ ಅದ ವರ್ಗದಾಗ ಹಿಂದಿನ ಬೆಂಚಿನ್ಯಾಗ ಇದ್ಲು. ಎರಡ ಮಾತು ಇದ್ವು. ಈಗ ಮಂದಿ ಹಿಂದಕ್ಕ ಹೋಗಿ ಆ ಹಳೇ ಕತಿ ನೋಡಿ, ‘ಅಯ್ಯ, ಇವ್ರೆಲ್ಲಾ ಇಲ್ಲೇ ಇದ್ರಲ್ಲ’ ಅಂತಾರ.”

“ಸುಳ್ಳ! ಒಂಬತ್ತನೇತ್ತಾದಾಗ ಗೂಂಡಾ ಇದ್ದಂವ ಸಾಯೂತನಕ ಗೂಂಡಾ!”

“ಒಂಬತ್ತನೇತ್ತಾ ಎಲ್ಲೀದ್ರಿ ಅಬ್ಬಾ? ಆ ಯೂನಿಫಾರ್ಮ್ ಹಾಕ್ಕೊಂಡಾಗ ಅವಗ ಇಪ್ಪತ್ತಾರು ವರ್ಷ!”

ಇದು ಮಾಸ್ತರರಿಗೆ ಎರಡನೆಯ ಆಘಾತ. ಅಂದಿನಿಂದ ಆ ಸರ್ಜನ್ ಪರದೆಗೆ ಬಂದಾಗಲೆಲ್ಲ ಅವರು ಗೋಡೆಯ ಕಡೆ ಮುಖ ತಿರುಗಿಸಿ ಕೂರತೊಡಗಿದರು. ಆದರೆ ಎದ್ದು ಹೋಗುತ್ತಿರಲಿಲ್ಲ.

ಇಂಥ ಉರಿಯುವ ಹೊತ್ತಿನಲ್ಲೇ ಇರಮ್‌ಗೆ ಸಂಬಂಧ ಬಂತು. ಅವಳು ತಾಲೂಕು ಆಸ್ಪತ್ರೆಯಲ್ಲಿ ಲ್ಯಾಬ್ ಟೆಕ್ನಿಶಿಯನ್. ಶಲವಡಿಯ ರಾಜಮಾಬಿ ಎಂಬ ಹೆಂಗಸು ತಿಂಗಳಿಗೊಮ್ಮೆ ಸಕ್ಕರೆ ಕಾಯಿಲೆಯ ತಪಾಸಣೆಗೆ ಬಂದು ಅವಳ ಕೈಗುಣ ಮೆಚ್ಚಿದ್ದಳು. ಕರೆತರುತ್ತಿದ್ದ ಮಗನೂ ಮೆಚ್ಚಿದ್ದ. ಇರಮ್‌ಗೂ ಮನಸ್ಸಿತ್ತು. ಹುಡುಗ ದೇವಿಕೊಪ್ಪದಲ್ಲಿ ದನದ ಡಾಕ್ಟರ್. ಉಳಿದದ್ದು ಅಬ್ಬಾನ ಒಂದು ‘ಹೂಂ’ ಮಾತ್ರ.

“ಹೆಸರು?”

“ಸಾಧಿಕ್. ನಿಮ್ಮ ಕೈಯಾಗ ಓದಿದಂವ ಅಂತ” ಎಂದಳು ಗೌಸಬಿ.

ಮಾಸ್ತರರ ಕಣ್ಣು ಕೆಂಪಾದವು. “ನನ್ನ ಲೂನಾ ಗಾಲೀದು ಗಾಳಿ ಬಿಟ್ಟಾಂವ! ಒಂದ ವಾರದಾಗ ಮೂರು ಸಲ! ಉರಿ ಬಿಸಲಾಗ ನಾ ಅದನ್ನ ನೂಕ್ಕೊಂತ ಬಂದೇನಿ. ಇವನ ಕೈಯಾಗ ಯಾವಾಂವ ಇಂಜೆಕ್ಷನ್ ಕೊಟ್ಟ? ಈ ಹಾಲಿನ ಪಾಕೀಟಿಗೆ ನನ್ನ ಮಗಳ?”

ಇರಮ್ ಎರಡು ದಿನ ಊಟ ಮಾಡಲಿಲ್ಲ, ಮೂರನೆಯ ದಿನ ಮಾತಾಡಲಿಲ್ಲ. ಗೌಸಬಿ ಮಾತ್ರ ಮೂರು ದಿನವೂ ಮಾತಾಡಿದಳು. ಕೊನೆಗೆ ಮಾಸ್ತರರು ಒಂದು ಷರತ್ತಿನ ಮೇಲೆ ಒಪ್ಪಿದರು. “ಬರ್ಲಿ. ಎಲ್ಲಾರ ಮುಂದ ಅವನ ಬಂಡವಾಳ ಬಿಚ್ಚತೇನಿ. ಆಮ್ಯಾಲೆ ನೀವ ಬ್ಯಾಡ ಅಂತೀರಿ.”

ಭಾನುವಾರ ರಾಜಮಾಬಿ ಮತ್ತು ಮಗ ಬಂದರು. ಎತ್ತರದ, ಮೆಲುಮಾತಿನ ಯುವಕ. ಬಾಗಿಲಲ್ಲೇ ಬಗ್ಗಿ ಸಲಾಂ ಹೇಳಿದ. ಗೌಸಬಿ ಮಿರ್ಚಿ ಭಜಿಯ ತಾಟು ಇಟ್ಟು ಕೈ ತೆಗೆಯುವುದರೊಳಗೆ ಮಾಸ್ತರರು ಕಪಾಟಿನಿಂದ ಸಾಧಿಕ್ ಓದಿದ ವರ್ಷದ ಒಂಬತ್ತನೇ ವರ್ಗದ ಫೋಟೋ ತಂದು ಟೇಬಲ್ಲಿನ ಮೇಲೆ ಇಟ್ಟರು.

“ಒಮ್ಮೆ ನೋಡಿದ ಮುಖ ನಾ ಮರೆಯಂಗಿಲ್ಲ” ಎಂದು ಗುಡುಗಿದರು. “ಹಿಂದಿನ ಸಾಲು, ಬಲಗಡೆಯಿಂದ ಎರಡನೇದಾಂವ. ನೋಡವಾ ಇರಮ್, ಆ ಕಣ್ಣು ನೋಡು. ಕಳ್ಳಗಣ್ಣು ಹೌದಲ್ಲ? ಆ ನಗಿ ನೋಡು. ಆವಾಗ ಬರದಿಟ್ಟೇನಿ ನಾ, ಇಂವ ದಾರಿಗೆ ಬರೂದಿಲ್ಲ ಅಂತ!”

ಸಾಧಿಕ್ ಬಗ್ಗಿ ಫೋಟೋ ನೋಡಿದ. ಹಿಂಜರಿಯುತ್ತ ಬಾಯಿ ಬಿಟ್ಟ.

“ಸರ್ರ, ಅಂವ ನಾನಲ್ರಿ, ಕೃಷ್ಣಾ. ಈಗ ಅಣ್ಣಿಗೇರಿ ಹೈಸ್ಕೂಲಿನ್ಯಾಗ ಗಣಿತದ ಮಾಸ್ತರ ಅದಾನ್ರಿ. ನಿಮ್ಮ ಹಂಗ ಆಗಬೇಕು ಅಂತಿದ್ದ.”

ಮಾಸ್ತರರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ಕಳ್ಳಗಣ್ಣು ಹಾಗೆಯೇ ಇತ್ತು.

“ಹಂಗಾದ್ರ ನೀ ಎಲ್ಲಿ?”

“ನಾ ಇದರಾಗ ಇಲ್ರಿ ಸರ್ರ. ಫೋಟೋ ಹೊಡಿಯೋ ದಿನ ನೀವು ನನ್ನ ವರ್ಗದ ಹೊರಗ ನಿಲ್ಲಿಸಿದ್ರಿ.”

ಮಾಸ್ತರರು ಕೊನೆಯ ಅಸ್ತ್ರ ತೆಗೆದರು. “ಲೂನಾ ಗಾಳಿ?”

“ಅದನ್ನ ಬಿಟ್ಟಿದ್ದು ನಾನ ರಿ” ಎಂದು ಸಾಧಿಕ್ ತಲೆ ತಗ್ಗಿಸಿದ. “ಮೂರು ಸಲ ಅಲ್ಲ, ಐದು ಸಲ. ಇನ್ನೆರಡು ಸಲ ನೀವು ಮುಳ್ಳು ಚುಚ್ಚೈತಿ ಅಂತ ತಿಳಕೊಂಡ್ರಿ. ತಪ್ಪಾತ್ರಿ ಸರ್ರ.”

ಒಳಬಾಗಿಲಲ್ಲಿ ನಿಂತಿದ್ದ ಇರಮ್ ನಕ್ಕ ಸದ್ದು ಕೇಳಿತು. ಜಗಳ ಶುರುವಾದ ಮೇಲಿನ ಮೊದಲ ನಗು. ಅದನ್ನು ಕೇಳಿ ಮಾಸ್ತರರ ಸಿಟ್ಟಿನ ಗಾಳಿ ತಾನಾಗಿಯೇ ಇಳಿಯಿತು. ಫೋಟೋ ಮಗುಚಿ ಇಟ್ಟು, ದೊಡ್ಡ ಮನಸ್ಸು ಮಾಡಿದವರಂತೆ ಗಂಟಲು ಸರಿಪಡಿಸಿಕೊಂಡರು.

“ಇರ್ಲಿ ಬಿಡು. ಅದು ಹಳೇ ಕತಿ. ಖಳನಾಯಕ ಇದ್ದಂವ ಮುಂದ ಹೀರೋ ಆಗಬಾರದು ಅಂತೇನಿಲ್ಲ. ಹುಡುಗ ಬದಲಾಗ್ಯಾನ. ನನ್ನದೇನು ತಕರಾರಿಲ್ಲ.”

“ಭಾಳ ಖುಷಿ ಆತ್ರಿ ಮಾಸ್ತರ” ಎಂದಳು ಅಲ್ಲಿಯವರೆಗೆ ಸುಮ್ಮನಿದ್ದ ರಾಜಮಾಬಿ, ಭಜಿಯೊಂದನ್ನು ಎತ್ತಿಕೊಳ್ಳುತ್ತ. “ನಮ್ಮ ಮನ್ಯಾಗೂ ಒಂದ ವಾರ ಇದ ಜಗಳ ನಡದಿತ್ರಿ. ಇವನ ಜೋಡಿ ಓದಿದ ಹುಡುಗ್ರೆಲ್ಲಾ ಬಂದು ಹೇಳಿದ್ರು, ನಮ್ಮ ಇಡೀ ಬ್ಯಾಚಿಗೆ ಖಳನಾಯಕ ಅಂದ್ರ ಒಬ್ಬರ, ಹಜರತಅಲಿ ಮಾಸ್ತರನ್ನ ಬಿಟ್ರ ಇನ್ನೊಬ್ರಿಲ್ಲ ಅಂತ. ನಾ ಇವಗ ಕೇಳಿದೆ, ಏ ಸಾಧಿಕ್, ಮಾವನ ಪಾರ್ಟ್ ಮಾಡಾಕ ನಿನಗ ಬ್ಯಾರೆ ಯಾರೂ ಸಿಗಲಿಲ್ಲೇನೋ ಅಂತ!”