ತಾರಸಿ ಕೊಲೆಯ ಟ್ರಯಲ್

ಕತೆಯಲ್ಲಿ ಕೊಲೆ ಮಾಡಿಸೋದು ಸುಲಭ. ಆ ಕೊಲೆಗಾರನನ್ನ ಜನರ ಕೈಲಿ ಹಿಡಿಸೋಕೆ ಹೋದಾಗಲೇ ನನಗೆ ಇಂಥವೆಲ್ಲ ಆಗೋದು.

ಪತ್ತೇದಾರಿ ಕಾದಂಬರಿ ಓದೋರಿಗಾಗಿ ನಾನು ಆಟ ತಯಾರಿಸ್ತೀನಿ. ಒಂದು ಡಬ್ಬಿ. ಅದರೊಳಗೆ ಮನೆಯ ನಕ್ಷೆ, ಫೋಟೋಗಳು, ಸಾಕ್ಷಿಗಳ ಹೇಳಿಕೆ. ಎಲ್ಲ ಸುಳಿವೂ ಅದರಲ್ಲೇ ಇರುತ್ತೆ, ಉತ್ತರ ಮಾತ್ರ ಅಂಟಿಸಿದ ಲಕೋಟೆಯಲ್ಲಿ. ಆಡೋರು ತಾವೇ ತಲೆ ಓಡಿಸ್ಬೇಕು. ಅಚ್ಚಿಗೆ ಕೊಡೋ ಮುಂಚೆ, ಕತೆ ಗೊತ್ತಿಲ್ಲದವರ ಹತ್ತಿರ ಆಡಿಸಿ ನೋಡ್ತೀನಿ. ಆಗ ನಾನು ಮೂಲೆಯಲ್ಲಿ ಬಾಯಿ ಮುಚ್ಚಿಕೊಂಡು ಕೂತಿರಬೇಕು. ‘ತಾರಸಿ ಕೊಲೆ’ ಅನ್ನೋ ಆಟವನ್ನ ಹೀಗೆ ಟ್ರಯಲ್ ಮಾಡಿದಾಗಿನ ಮಾತಿದು.

ಕೊನೇ ಪುಟದವರು

ಮೊದಲು ಆಡಿದ್ದು ಜಯನಗರದ ಒಬ್ಬ ಆಂಟಿ. ಕಾದಂಬರಿಗಳನ್ನ ಕೊನೇ ಪುಟದಿಂದ ಓದೋ ಅಭ್ಯಾಸ. ಡಬ್ಬಿ ತೆಗೆದವರೇ ಲಕೋಟೆ ಹರಿದ್ರು.

“ಆಂಟಿ, ಅದು ಉತ್ತರ.”

“ಗೊತ್ತಮ್ಮ. ಯಾರು ಅಂತ ಗೊತ್ತಾದ್ರೆ ಟೆನ್ಶನ್ ಇಲ್ದೆ ಆಡಬಹುದು.”

ಕೊಲೆ ಮಾಡಿದ್ದು ಮನೆ ಓನರ್ ಅಂತ ಓದಿಕೊಂಡ್ರು. ಆಮೇಲೆ ಮಧ್ಯಾಹ್ನವೆಲ್ಲ ಕೂತು ಒಂದೊಂದೇ ಹೇಳಿಕೆ ಓದಿದ್ರು. ಕೊನೆಗೆ ಉತ್ತರದ ಹಾಳೆಯಲ್ಲಿ ಸತ್ತವನ ಭಾವಮೈದನ ಹೆಸರು ಬರೆದ್ರು.

“ಆಂಟಿ, ಉತ್ತರ ನೀವೇ ಓದಿದ್ರಲ್ಲ?”

“ಓದ್ದೆ. ನಂಗೆ ಒಪ್ಪಿಗೆ ಆಗ್ಲಿಲ್ಲ.”

ಮೂರೂ ಸರಿ ಇದ್ರೆ ಮಾತ್ರ

ಎರಡನೆಯವರು ಬನಶಂಕರಿಯ ಒಬ್ಬ ರಿಟೈರ್ಡ್ ಇನ್ಸ್‌ಪೆಕ್ಟರ್. ನಾನು ನಿಯಮ ಹೇಳಿದೆ: ಕೊಂದವರು ಯಾರು, ಹೇಗೆ, ಯಾಕೆ, ಈ ಮೂರೂ ಒಟ್ಟಿಗೆ ಬರೆದು ಕೊಡಬೇಕು. ಮೂರೂ ಸರಿ ಇದ್ರೆ ‘ಹೌದು’ ಅಂತೀನಿ. ಒಂದು ತಪ್ಪಿದ್ರೂ ‘ಇಲ್ಲ’. ಯಾವುದು ತಪ್ಪು ಅಂತ ಹೇಳಲ್ಲ. ಹೇಳಿಬಿಟ್ರೆ ಜನ ಒಂದೊಂದನ್ನೇ ಬದಲಾಯಿಸ್ತಾ ಊಹೆಯಲ್ಲೇ ಉತ್ತರ ಮುಟ್ಟಿಬಿಡ್ತಾರೆ.

ಅವರು ಹೇಳಿಕೆಗಳನ್ನ ಮುಟ್ಟಲೂ ಇಲ್ಲ. ಅಡುಗೆಯವನಿಂದ ಶುರು ಮಾಡಿ ಎಲ್ಲರ ಹೆಸರನ್ನೂ ಬರೆದು ಕೊಟ್ರು. ನಾನು ‘ಇಲ್ಲ’ ಅಂತಾನೇ ಹೋದೆ.

“ಸಾರ್, ಸುಳಿವು ನೋಡ್ಬಹುದಲ್ಲ?”

“ಸುಳಿವು ಆಮೇಲೆ ಸಿಗುತ್ತಮ್ಮ. ಮೊದಲು ಆಸಾಮಿ ಒಪ್ಕೋಬೇಕು.”

ಹೆಸರುಗಳೆಲ್ಲ ಮುಗಿದವು. ಅವರು ಕನ್ನಡಕ ತೆಗೆದು ನನ್ನನ್ನೇ ನೋಡ್ತಾ ಕೇಳಿದ್ರು, “ಕೊಲೆ ಆದಾಗ ನೀವೆಲ್ಲಿದ್ರಿ?”

ಕಾಫಿ ಸಾಕ್ಷಿ

ಬಿಟಿಎಂನಲ್ಲಿ ಇಬ್ಬರು ಗೆಳತಿಯರು ಆಡೋಕೆ ಕೂತರು. ಇಬ್ಬರೂ ಪತ್ತೇದಾರಿ ಕಾದಂಬರಿ ಹುಚ್ಚಿನವರು. ಹಿಂದಿನ ದಿನ ನಕ್ಷೆ ಮೇಲೆ ನಾನು ಕಾಫಿ ಚೆಲ್ಲಿದ್ದೆ. ಒಣಗಿತು ಅಂತ ಹಾಗೇ ಇಟ್ಟಿದ್ದೆ.

“ನೋಡೇ, ತಾರಸಿ ಬಾಗಿಲ ಹತ್ರ ಕಲೆ,” ಅಂದಳು ಒಬ್ಬಳು.

ಇನ್ನೊಬ್ಬಳು ಮೂಸಿದಳು. “ಫಿಲ್ಟರ್ ಕಾಫಿ. ಹೇಳಿಕೆಗಳಲ್ಲಿ ಎಲ್ಲರೂ ಟೀ ಕುಡೀತಾರೆ. ಕಾಫಿ ಕುಡಿಯೋನು ಓನರ್ ಒಬ್ಬನೇ.”

ಕತೆಯಲ್ಲಿ ಓನರ್ ಕೈಗೆ ಕಾಫಿ ಕೊಟ್ಟಿದ್ದೆ ಅನ್ನೋದು ನನಗೇ ಮರೆತುಹೋಗಿತ್ತು. ಅವನು ತಾರಸಿಯಲ್ಲಿ ಕಾದು ಕೂತಿದ್ದ ಅಂತ ಅದರಿಂದ ಹಿಡಿದ್ರು, ತಳ್ಳಿ ಕೊಂದ ಅಂದ್ರು, ಕಾರಣವನ್ನೂ ಹುಡುಕಿದ್ರು. ಮೂರೂ ಸರಿ.

“ಸಖತ್ತಾಗಿದೆ ಅಕ್ಕ, ಆ ವಾಸನೆ ಐಡಿಯಾ ಅಂತೂ ಸೂಪರ್,” ಅಂದ್ರು. ಥ್ಯಾಂಕ್ಸ್ ಅಂದೆ. ಇನ್ನೇನು ಅನ್ನಲಿ.

ಓನರ್ ನಿರಪರಾಧಿ

ಕೊನೆಗೆ ನಮ್ಮ ಓನರ್ ಅಂಕಲ್ ತಾವೂ ಆಡ್ತೀನಿ ಅಂತ ಕೂತರು. ಸಾರಕ್ಕಿಯ ಹಳಬರು, ಪುಟ್ಟೇನಹಳ್ಳಿ ಹತ್ತಿರ ಕಟ್ಟಿರೋ ಬಿಲ್ಡಿಂಗಲ್ಲಿ ನಾವೆಲ್ಲ ಬಾಡಿಗೆಗಿದ್ದೀವಿ. ಕಾದಂಬರಿ ಓದೋದ್ರಲ್ಲಿ ಗಟ್ಟಿಗರು. ಆದ್ರೆ ಎಲ್ಲ ಓದಿ ಲಕೋಟೆ ಒಡೆದು ನೋಡಿದ ಕೂಡಲೇ ಮುಖ ಕೆಂಪಾಯ್ತು.

“ಓನರ್ ಯಾಕಮ್ಮ ಕೊಲೆಗಾರ?”

“ತಾರಸಿ ಕೀ ಅವರೊಬ್ಬರ ಹತ್ರಾನೇ ಇರೋದು ಅಂಕಲ್. ಬೇರೆ ಯಾರೂ ಹೋಗೋಕಾಗಲ್ಲ.”

“ಬಾಡಿಗೆಯವರು ಡೂಪ್ಲಿಕೇಟ್ ಮಾಡಿಸಿದ್ರೆ? ಅದನ್ನ ನೀವು ಎಲ್ಲೂ ಅಲ್ಲಗಳೆದಿಲ್ಲ. ಹೀಗೆ ಓನರ್‌ಗಳ ಮಾನ ತೆಗೆಯೋ ಆಟ ನನ್ನ ಬಿಲ್ಡಿಂಗಲ್ಲಿ ಬೇಡ. ಬೇರೆ ಮನೆ ನೋಡ್ಕೊಳ್ಳಿ.”

ನಾನೂ ಬಿಡಲಿಲ್ಲ. “ಅಂಕಲ್, ಇಲ್ಲೂ ಕೀ ನಿಮ್ಮ ಹತ್ರ ಮಾತ್ರ ಇರೋದಲ್ವಾ?”

ಅದನ್ನೂ ನೋಡೇಬಿಡೋಣ ಅಂತ ಅವರು ಎಲ್ಲ ಮನೆಯವರನ್ನೂ ಕೆಳಗೆ ಕರೆದ್ರು. “ತಾರಸಿ ಕೀ ಯಾರ ಹತ್ರ ಇದೆ?” ಎಲ್ಲರೂ ತಲೆ ಅಲ್ಲಾಡಿಸಿದ್ರು. ಇಲ್ಲ ಅಂಕಲ್, ಇಲ್ಲ ಸಾರ್. ನನ್ನ ಆಟ ಉಳೀತು ಅಂದ್ಕೊಂಡೆ.

ಅಷ್ಟರಲ್ಲಿ ಟಪಟಪ ಅಂತ ಮಳೆ ಬಂತು. ಒಣಗೋಕೆ ಹಾಕಿದ ಬಟ್ಟೆ ನೆನಪಾಗಿ ಇಡೀ ಬಿಲ್ಡಿಂಗ್ ಮೆಟ್ಟಿಲ ಮೇಲೆ ಓಡಿತು. ಅಂಕಲ್ ತಮ್ಮ ಕೀ ಹಿಡ್ಕೊಂಡು ಏದುಸಿರು ಬಿಡ್ತಾ ಹತ್ತೋ ಹೊತ್ತಿಗೆ ಬಾಗಿಲು ಹಾರುಹೊಡೆದಿತ್ತು. ಜನ ಸೀರೆ, ಬೆಡ್‌ಶೀಟ್ ಎಳ್ಕೊಳ್ತಿದ್ರು.

ಅಂಕಲ್‌ಗೆ ಕೋಪಾನೇ ಬರಲಿಲ್ಲ. ಮಳೇಲಿ ನಿಂತು ನಕ್ಕರು. “ನೋಡಮ್ಮ, ಓನರ್ ನಿರಪರಾಧಿ. ಮನೆ ಖಾಲಿ ಮಾಡ್ಬೇಡಿ, ಕೇಸ್ ತಿದ್ದಿ.” ಆಮೇಲೆ ನಗು ನಿಲ್ಲಿಸಿ ಎಲ್ಲರ ಕಡೆ ತಿರುಗಿದ್ರು. “ಸರಿ, ಕೀ ಕೊಟ್ಟಿದ್ದು ಯಾರು?”

ಅವರ ಹೆಂಡ್ತಿ, ಬೆಡ್‌ಶೀಟ್ ಮಡಿಸ್ತಾ, “ನಾನೇ. ಕೇಳಿದೋರಿಗೆಲ್ಲ ಒಂದೊಂದು ಮಾಡಿಸಿ ಕೊಟ್ಟೆ. ಅವರ ಬಟ್ಟೆ ಒಣಗೋದು ಬೇಡ್ವಾ?” ಅಂದ್ರು.

ಅಂಕಲ್ ನನ್ನ ಹತ್ತಿರ ಬಂದು, ಮೆಲ್ಲಗೆ ಕೇಳಿದ್ರು.

“ನಿಮ್ಮ ಕೇಸಲ್ಲಿ ಓನರ್‌ಗೆ ಹೆಂಡ್ತಿ ಇದ್ದಾಳಾ?”

“ಇಲ್ಲ ಅಂಕಲ್.”

“ಸೇರಿಸಿ. ಅವಳೇ ಕೊಂದಿದ್ದು.”